ಗಡಿಯ ಉದ್ದಕ್ಕೂ ಮುರಿಯದ ಉಬ್ಬುಗೆರೆ

ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ತಿರುಗುತ್ತದೆ ಎಂದು ಹೇಳುವ ಸ್ನೆಲ್‌ನ ನಿಯಮವನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ಕಾಣುವುದು ಒಂದು ಸಿದ್ಧ ಸೂತ್ರವಾಗಿ: n₁ sin θ₁ = n₂ sin θ₂. ಪತನ ಕೋನ ಗೊತ್ತಿದ್ದರೆ ವಕ್ರೀಭವನ ಕೋನ ಸಿಗುತ್ತದೆ, ಲೆಕ್ಕ ಸರಿಹೋಗುತ್ತದೆ, ಮುಂದಿನ ಪಾಠಕ್ಕೆ ಹೋಗುತ್ತೇವೆ. ಆದರೆ ಈ ಸೂತ್ರದಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಉಳಿದುಬಿಡುತ್ತದೆ. ಕೋನಗಳನ್ನು ಬಿಟ್ಟು ಕೋನಗಳ ಸೈನ್ ಇಲ್ಲಿಗೆ ಬಂದದ್ದು ಏಕೆ? ಅಲೆಯೊಂದು ಎರಡನೆಯ ಮಾಧ್ಯಮದಲ್ಲಿ ನಿಧಾನವಾಗುತ್ತದೆ ಎಂಬ ಒಂದೇ ಸಂಗತಿಯಿಂದ ಅದು ಎಷ್ಟು ತಿರುಗಬೇಕು ಎಂಬುದು ಇಷ್ಟು ಖಚಿತವಾಗಿ ಹೇಗೆ ನಿರ್ಧಾರವಾಗುತ್ತದೆ?

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಗಾಡಿಯದು: ಓರೆಯಾಗಿ ಬರುವ ಗಾಡಿಯ ಒಂದು ಚಕ್ರ ಮೊದಲು ಕೆಸರಿಗೆ ಇಳಿಯುತ್ತದೆ, ಅದು ನಿಧಾನವಾಗುತ್ತದೆ, ಇನ್ನೊಂದು ಚಕ್ರ ಅದೇ ವೇಗದಲ್ಲಿ ಮುಂದುವರಿಯುತ್ತದೆ, ಗಾಡಿ ತಿರುಗುತ್ತದೆ. ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ಈ ಹೋಲಿಕೆ ಸರಿಯಾಗಿಯೇ ಹೇಳುತ್ತದೆ. ಆದರೆ ಅಲೆಗೆ ಚಕ್ರಗಳೂ ಇಲ್ಲ, ಚಕ್ರಗಳನ್ನು ಬಿಗಿದಿಟ್ಟ ಅಚ್ಚೂ ಇಲ್ಲ. ಅಲೆಯ ಒಂದು ಭಾಗ ಇನ್ನೊಂದು ಭಾಗವನ್ನು ಎಳೆದು ತಿರುಗಿಸುವುದಿಲ್ಲ. ತಿರುವಿನ ನಿಜವಾದ ಕಾರಣ ಗಡಿಯ ಮೇಲೆಯೇ ಇದೆ, ಮತ್ತು ಅದನ್ನು ಒಮ್ಮೆ ಕಂಡರೆ ಸೂತ್ರವನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಬೀಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬೆಳಕಿನ ಅಲೆ ಕಣ್ಣಿಗೆ ಅಲೆಯಾಗಿ ಕಾಣುವುದಿಲ್ಲವಾದ್ದರಿಂದ ನೀರಿನ ಕಿರುಅಲೆಗಳನ್ನು ತೆಗೆದುಕೊಳ್ಳೋಣ. ಪ್ರಯೋಗಾಲಯದ ರಿಪ್ಪಲ್ ಟ್ಯಾಂಕ್ ಎಂದರೆ ಗಾಜಿನ ತಳವಿರುವ ಆಳವಿಲ್ಲದ ತೊಟ್ಟಿ. ಅದರ ಒಂದು ಬದಿಯಲ್ಲಿ ಮೋಟಾರಿನಿಂದ ಮೇಲೆ ಕೆಳಗೆ ಅಲುಗುವ ನೇರವಾದ ಪಟ್ಟಿಯೊಂದು ನೀರನ್ನು ಮುಟ್ಟಿಕೊಂಡಿರುತ್ತದೆ, ಅದರಿಂದ ನೇರ ಉಬ್ಬುಗೆರೆಗಳು ಒಂದರ ಹಿಂದೆ ಒಂದು ಹೊರಡುತ್ತವೆ. ಮೇಲಿನಿಂದ ದೀಪ ಹಾಯಿಸಿದರೆ ಪ್ರತಿಯೊಂದು ಉಬ್ಬೂ ಮಸೂರದಂತೆ ಬೆಳಕನ್ನು ಕೂಡಿಸಿ, ಕೆಳಗಿನ ಪರದೆಯ ಮೇಲೆ ಬೆಳ್ಳನೆಯ ಗೆರೆಯಾಗಿ ಮೂಡುತ್ತದೆ. ತೊಟ್ಟಿಯ ಅರ್ಧ ಭಾಗದಲ್ಲಿ ದಪ್ಪ ಗಾಜಿನ ಹಲಗೆಯೊಂದನ್ನು ಮುಳುಗಿಸಿಟ್ಟರೆ ಅದರ ಮೇಲೆ ನೀರು ತೆಳುವಾಗುತ್ತದೆ. ತೆಳುವಾದ ನೀರಿನಲ್ಲಿ ಅಲೆ ನಿಧಾನ. ಹಾಗಾಗಿ ಹಲಗೆಯ ಅಂಚೇ ಎರಡು ಮಾಧ್ಯಮಗಳ ನಡುವಿನ ಗಡಿಯಾಗುತ್ತದೆ.

ಪಟ್ಟಿ ಸೆಕೆಂಡಿಗೆ 8 ಬಾರಿ ಅಲುಗುತ್ತಿದೆ ಎನ್ನೋಣ. ನೀರಿನ ಆಳ ಸುಮಾರು 8 ಮಿಲಿಮೀಟರ್ ಇದ್ದಲ್ಲಿ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ 3 ಸೆಂಟಿಮೀಟರ್ ಅಂತರವಿರುತ್ತದೆ. ಅಂದರೆ ಅಲೆಯ ವೇಗ ಸೆಕೆಂಡಿಗೆ 24 ಸೆಂಟಿಮೀಟರ್. ಹಲಗೆಯ ಮೇಲೆ ಸುಮಾರು 1.6 ಮಿಲಿಮೀಟರ್ ನೀರಷ್ಟೇ ಇದ್ದರೆ ಆ ಅಂತರ 2 ಸೆಂಟಿಮೀಟರಿಗೆ ಇಳಿಯುತ್ತದೆ, ವೇಗ 16 ಸೆಂಟಿಮೀಟರ್ ಆಗುತ್ತದೆ. ಈ ಲೆಕ್ಕದಲ್ಲಿ ಗುರುತ್ವದ ಜೊತೆಗೆ ನೀರಿನ ಮೇಲ್ಮೈ ಸೆಳೆತವೂ ಸೇರಿದೆ. ಇಷ್ಟು ಚಿಕ್ಕ ಅಲೆಗಳಲ್ಲಿ ಅದನ್ನು ಬಿಡಲಾಗುವುದಿಲ್ಲ.

ವೇಗ ಬದಲಾದಾಗ ಅಂತರ ಬದಲಾಯಿತು, ಆವೃತ್ತಿ ಮಾತ್ರ ಬದಲಾಗಲಿಲ್ಲ ಎಂದು ನಾನು ಮೇಲೆ ಸುಮ್ಮನೆ ಒಪ್ಪಿಕೊಂಡುಬಿಟ್ಟೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಡೀ ವಾದ ನಿಂತಿರುವುದು ಇಂಥ ಎರಡು ಸಂಗತಿಗಳ ಮೇಲೆ. ಹಲಗೆಯ ಅಂಚಿನ ನೇರಕ್ಕೆ ಮೇಲೆ ಒಂದೇ ಒಂದು ಬಿಂದುವನ್ನು ನೋಡುತ್ತ ಕುಳಿತರೆ, ಅಲ್ಲಿನ ನೀರು ಸೆಕೆಂಡಿಗೆ 8 ಬಾರಿ ಏರಿ ಇಳಿಯುತ್ತದೆ. ಆ ಬಿಂದು ಆಳದ ನೀರಿಗೂ ಸೇರಿದ್ದು, ತೆಳು ನೀರಿಗೂ ಸೇರಿದ್ದು. ನೀರಿನ ಮೇಲ್ಮೈ ಅಲ್ಲಿ ಹರಿದು ಎರಡಾಗಿಲ್ಲ. ಒಂದು ಬದಿಯಿಂದ ಸೆಕೆಂಡಿಗೆ 8 ಉಬ್ಬುಗಳು ಬಂದು ಇನ್ನೊಂದು ಬದಿಯಲ್ಲಿ 5 ಮಾತ್ರ ಹೊರಟರೆ, ಉಳಿದ ಮೂರು ಉಬ್ಬುಗಳು ಪ್ರತಿ ಸೆಕೆಂಡೂ ಗಡಿಯಲ್ಲಿ ಎಲ್ಲಿ ಹೋದವು? ಗಡಿ ಅಲುಗದೆ ನಿಂತಿರುವ ತನಕ ಅವು ಹೋಗಲು ಜಾಗವಿಲ್ಲ. ಗಡಿಯೇ ಚಲಿಸುತ್ತಿದ್ದರೆ ಈ ಮಾತು ನಿಲ್ಲುವುದಿಲ್ಲ, ಆಗ ಆವೃತ್ತಿಯೂ ಬದಲಾಗುತ್ತದೆ.

ಎರಡನೆಯ ಸಂಗತಿಯೂ ಇದೇ ಜಾತಿಯದು, ಆದರೆ ಇದು ಕಾಲದ ಬದಲು ಜಾಗಕ್ಕೆ ಸಂಬಂಧಿಸಿದ್ದು. ಒಂದು ಕ್ಷಣದಲ್ಲಿ ಇಡೀ ದೃಶ್ಯವನ್ನು ತಡೆದು ನಿಲ್ಲಿಸಿ ಗಡಿಯ ಗೆರೆಯನ್ನಷ್ಟೇ ನೋಡಿದರೆ, ಓರೆಯಾಗಿ ಬಂದ ಉಬ್ಬುಗೆರೆಗಳು ಅದನ್ನು ಸಮಾನ ಅಂತರದ ಕೆಲವು ಬಿಂದುಗಳಲ್ಲಿ ಮುಟ್ಟಿರುತ್ತವೆ. ಆಳದ ಕಡೆಯಿಂದ ಉಬ್ಬು ಮುಟ್ಟಿದ ಬಿಂದುವಿನಲ್ಲಿಯೇ ತೆಳು ನೀರಿನ ಕಡೆಯ ಉಬ್ಬುಗೆರೆಯೂ ಶುರುವಾಗಬೇಕು. ಅಲೆ ತಿರುಗುತ್ತದೆ, ಉಬ್ಬುಗೆರೆ ಗಡಿಯಲ್ಲಿ ಮುರಿದು ಅತ್ತಿತ್ತ ಸರಿಯುವುದಿಲ್ಲ. ಮಡಿಕೆ ಬೀಳುತ್ತದೆ, ಬಿರುಕು ಬೀಳುವುದಿಲ್ಲ. ಈಗ ಸಮಸ್ಯೆ ಸ್ಪಷ್ಟವಾಗಿದೆ: ತೆಳು ನೀರಿನಲ್ಲಿ ಉಬ್ಬುಗಳು ಒತ್ತೊತ್ತಾಗಿವೆ, ಆದರೆ ಗಡಿಯ ಉದ್ದಕ್ಕೆ ಅಳೆದರೆ ಅವುಗಳ ಅಂತರ ಆಳದ ಕಡೆಯಷ್ಟೇ ಇರಬೇಕು. ಒತ್ತಾದ ಗೆರೆಗಳು ಗಡಿಯ ಮೇಲೆ ಅದೇ ಅಗಲದ ಅಂತರದಲ್ಲಿ ಬಂದು ಕೂಡಬೇಕಾದರೆ ಇರುವುದು ಒಂದೇ ದಾರಿ. ಅವು ಗಡಿಗೆ ಇನ್ನಷ್ಟು ಸಮಾನಾಂತರವಾಗಬೇಕು. ತಿರುವು ಎಂದರೆ ಇದೇ.

ಇದನ್ನು ಲೆಕ್ಕಕ್ಕೆ ಇಳಿಸುವುದು ನಾಲ್ಕು ಸಾಲಿನ ಕೆಲಸ. ಗಡಿಯ ಮೇಲೆ d ದೂರದಲ್ಲಿ A ಮತ್ತು B ಎಂಬ ಎರಡು ಬಿಂದುಗಳಿರಲಿ. ಒಂದು ಉಬ್ಬುಗೆರೆ ಮೊದಲು A ಬಿಂದುವನ್ನು ಮುಟ್ಟುತ್ತದೆ, ಸ್ವಲ್ಪ ಹೊತ್ತಿನ ಬಳಿಕ ಅದರ ಇನ್ನೊಂದು ಭಾಗ B ಬಿಂದುವನ್ನು ಮುಟ್ಟುತ್ತದೆ. ಉಬ್ಬುಗೆರೆ ಗಡಿಯೊಂದಿಗೆ ಮಾಡುವ ಕೋನ θ₁ ಆಗಿದ್ದರೆ, A ಮುಟ್ಟಿದ ಕ್ಷಣದಲ್ಲಿ ಆ ಗೆರೆಯಿಂದ B ಬಿಂದುವಿಗೆ ಇರುವ ನೇರ ದೂರ d sin θ₁. ಅಲೆ ತನ್ನ ಉಬ್ಬುಗೆರೆಗೆ ಲಂಬವಾಗಿ ಸಾಗುವುದರಿಂದ ಕ್ರಮಿಸಬೇಕಾದದ್ದು ಇಷ್ಟೇ ದೂರ, ತಗಲುವ ಕಾಲ d sin θ₁ / v₁. ಅದೇ ಹೊತ್ತಿನಲ್ಲಿ ಗಡಿಯಾಚೆ, A ಬಿಂದುವಿನಿಂದ ಹೊರಟ ಅಲೆ ಎರಡನೆಯ ಮಾಧ್ಯಮದೊಳಗೆ ಸಾಗಿ ಹೊಸ ಉಬ್ಬುಗೆರೆಯಾಗುತ್ತದೆ. ಆ ಗೆರೆಯ ಒಂದು ತುದಿ B ಬಿಂದುವಿನಲ್ಲಿಯೇ ಇರಬೇಕು. ಅದು ಗಡಿಯೊಂದಿಗೆ θ₂ ಕೋನ ಮಾಡಿದರೆ, A ಬಿಂದುವಿನಿಂದ ಆ ಗೆರೆಗೆ ಇರುವ ದೂರ d sin θ₂, ಕಾಲ d sin θ₂ / v₂. ಎರಡೂ ಒಂದೇ ಕಾಲ, ಏಕೆಂದರೆ ಎರಡೂ ಒಂದೇ ಘಟನೆಯ ಎರಡು ಬದಿಗಳು.

d sin θ₁ / v₁ = d sin θ₂ / v₂

d ಎರಡೂ ಕಡೆ ಹೋಗುತ್ತದೆ. ಉಳಿಯುವುದು sin θ₁ / sin θ₂ = v₁ / v₂. ಉಬ್ಬುಗೆರೆ ಗಡಿಯೊಂದಿಗೆ ಮಾಡುವ ಕೋನ ಮತ್ತು ಕಿರಣವು ಗಡಿಯ ಲಂಬದೊಂದಿಗೆ ಮಾಡುವ ಕೋನ ಒಂದೇ ಆದ್ದರಿಂದ, ಇದೇ ಸ್ನೆಲ್‌ನ ನಿಯಮ. ಬೆಳಕಿಗೆ n ಎಂದು ಬರೆಯುವುದು ನಿರ್ವಾತದಲ್ಲಿನ ವೇಗವನ್ನು ಮಾಧ್ಯಮದಲ್ಲಿನ ವೇಗದಿಂದ ಭಾಗಿಸಿದ ಸಂಖ್ಯೆಯನ್ನು. ಅದನ್ನು ಹಾಕಿದರೆ ಪಠ್ಯದ ಸೂತ್ರ ಸಿಗುತ್ತದೆ. ಸೈನ್ ಎಲ್ಲಿಂದ ಬಂತು ಎಂಬುದೂ ಈಗ ಕಾಣುತ್ತದೆ: ಗಡಿಯ ಉದ್ದಕ್ಕೆ ಅಳೆದ ದೂರವನ್ನು ಅಲೆ ಸಾಗುವ ದಿಕ್ಕಿನ ದೂರವಾಗಿ ಬದಲಾಯಿಸುವ ತ್ರಿಕೋನದಿಂದ.

ನಮ್ಮ ತೊಟ್ಟಿಯಲ್ಲಿ ಉಬ್ಬುಗೆರೆಗಳು ಗಡಿಗೆ 45° ಓರೆಯಾಗಿ ಬರುತ್ತಿದ್ದರೆ, sin 45° = 0.707. ಇದನ್ನು 16/24 ರಿಂದ, ಅಂದರೆ ಮೂರರಲ್ಲಿ ಎರಡರಿಂದ ಗುಣಿಸಿದರೆ 0.471, ಹಾಗಾಗಿ θ₂ ಸುಮಾರು 28°. ಗಡಿಯ ಮೇಲಿನ ಅಂತರವನ್ನು ಎರಡೂ ಕಡೆಯಿಂದ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಆಳದ ಕಡೆಯಿಂದ 3/0.707, ತೆಳು ನೀರಿನ ಕಡೆಯಿಂದ 2/0.471. ಎರಡೂ 4.24 ಸೆಂಟಿಮೀಟರ್. ಉಬ್ಬು ಗಡಿಯನ್ನು ಮುಟ್ಟುವ ಬಿಂದು ಗಡಿಯ ಗುಂಟ ಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಓಡುತ್ತದೆ. ಅದು ಎರಡೂ ಮಾಧ್ಯಮಗಳಲ್ಲಿನ ಅಲೆಯ ವೇಗಕ್ಕಿಂತ ಹೆಚ್ಚು. ಇದರಲ್ಲಿ ವಿರೋಧವೇನೂ ಇಲ್ಲ, ಏಕೆಂದರೆ ಅಲ್ಲಿ ಓಡುತ್ತಿರುವುದು ಉಬ್ಬುಗೆರೆಯೂ ಗಡಿಯೂ ಕೂಡುವ ಬಿಂದು ಮಾತ್ರ.

ಇದನ್ನು ಅಳೆದು ನೋಡುವಾಗ ಎಲ್ಲಿ ತಪ್ಪುತ್ತದೆ ಎಂಬುದನ್ನೂ ಹೇಳಬೇಕು. ಪರದೆಯ ಮೇಲೆ ಬೀಳುವ ಚಿತ್ರ ತೊಟ್ಟಿಗಿಂತ ದೊಡ್ಡದಾಗಿರುತ್ತದೆ, ಆದ್ದರಿಂದ ಪರದೆಯ ಮೇಲೆ ಅಳೆದ ತರಂಗದೂರವನ್ನು, ಅಂದರೆ ಉಬ್ಬಿನಿಂದ ಉಬ್ಬಿಗೆ ಇರುವ ಅಂತರವನ್ನು, ಹಾಗೆಯೇ ತೆಗೆದುಕೊಂಡರೆ ವೇಗ ಹೆಚ್ಚಾಗಿ ಬರುತ್ತದೆ. ಆದರೆ ದೀಪವೂ ಪರದೆಯೂ ನೇರವಾಗಿದ್ದರೆ ಎಲ್ಲ ಉದ್ದಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಹಾಗಾಗಿ ಕೋನಗಳಿಗೂ ತರಂಗದೂರಗಳ ಅನುಪಾತಕ್ಕೂ ಏನೂ ಆಗುವುದಿಲ್ಲ. ಸ್ನೆಲ್‌ನ ನಿಯಮಕ್ಕೆ ಬೇಕಾದವು ಅವೆರಡೇ. ಹೆಚ್ಚು ತೊಂದರೆ ಕೊಡುವುದು ಹಲಗೆಯ ಮೇಲಿನ ತೆಳು ನೀರು. ಅಲ್ಲಿ ಆಳ ಕೇವಲ ಅರ್ಧ ಮಿಲಿಮೀಟರ್ ಹೆಚ್ಚಾದರೂ ತರಂಗದೂರ 2 ಸೆಂಟಿಮೀಟರಿನಿಂದ ಸುಮಾರು 2.15ಕ್ಕೆ ಏರುತ್ತದೆ. ತೊಟ್ಟಿ ಮಟ್ಟವಾಗಿಲ್ಲದಿದ್ದರೆ ಹಲಗೆಯ ಒಂದು ತುದಿಯಲ್ಲಿ ಒಂದು ವೇಗ, ಇನ್ನೊಂದು ತುದಿಯಲ್ಲಿ ಇನ್ನೊಂದು ವೇಗ. ಇದನ್ನು ಗುರುತಿಸುವುದು ಸುಲಭ: ಹಲಗೆಯ ಮೇಲಿನ ಉಬ್ಬುಗೆರೆಗಳು ನೇರವಾಗಿರದೆ ಬಾಗಿರುತ್ತವೆ. ಬಾಗಿದ ಗೆರೆಯಿಂದ ಕೋನ ತೆಗೆಯಲು ಹೋಗದೆ ತೊಟ್ಟಿಯ ಕಾಲುಗಳ ತಿರುಪು ಸರಿಪಡಿಸುವುದೇ ಮೇಲು. ಇನ್ನು ಅಷ್ಟು ತೆಳು ನೀರಿನಲ್ಲಿ ತಳದ ಘರ್ಷಣೆಯಿಂದ ಅಲೆ ಬೇಗ ಸೊರಗುತ್ತದೆ, ಆದ್ದರಿಂದ ಕೋನವನ್ನು ಗಡಿಯ ಹತ್ತಿರದ ಕೆಲವು ಗೆರೆಗಳಿಂದಲೇ ಅಳೆಯಬೇಕಾಗುತ್ತದೆ.

ಯಾವ ಕೋನಗಳಲ್ಲಿ ಅಳೆಯುತ್ತೇವೆ ಎಂಬುದು ಇನ್ನೂ ಮುಖ್ಯ. ಪತನ ಕೋನ 15° ಇದ್ದಾಗ ವಕ್ರೀಭವನ ಕೋನ 9.9°. ಕೋನಗಳನ್ನೇ ಭಾಗಿಸಿದರೆ 0.66, ಸೈನ್‌ಗಳನ್ನು ಭಾಗಿಸಿದರೆ 0.67, ಕೋನಮಾಪಕದಿಂದ ಈ ವ್ಯತ್ಯಾಸ ಕಾಣುವುದಿಲ್ಲ. ಪತನ ಕೋನ 60° ಇದ್ದಾಗ ವಕ್ರೀಭವನ ಕೋನ 35.3°, ಕೋನಗಳ ಅನುಪಾತ 0.59ಕ್ಕೆ ಜಾರಿರುತ್ತದೆ, ಸೈನ್‌ಗಳ ಅನುಪಾತ ಮಾತ್ರ ಅಲ್ಲಿಯೇ ನಿಂತಿರುತ್ತದೆ. ಚಿಕ್ಕ ಕೋನಗಳಲ್ಲಷ್ಟೇ ಪ್ರಯೋಗ ಮಾಡಿದವರಿಗೆ ನಿಯಮ ಯಾವುದೆಂದು ತಿಳಿಯುವ ಅವಕಾಶವೇ ಇರುವುದಿಲ್ಲ. ಕ್ರಿಸ್ತಶಕ 2ನೆಯ ಶತಮಾನದಲ್ಲಿ ಟಾಲೆಮಿ ಗಾಳಿ ಮತ್ತು ನೀರಿನ ನಡುವಿನ ಕೋನಗಳ ಪಟ್ಟಿಯನ್ನೇ ಮಾಡಿದ್ದ. ಕೆಪ್ಲರ್ 17ನೆಯ ಶತಮಾನದ ಆರಂಭದಲ್ಲಿ ಬಹಳ ಶ್ರಮಪಟ್ಟು ಹುಡುಕಿದ. ಇಬ್ಬರಿಗೂ ಸೈನ್ ಸಿಗಲಿಲ್ಲ. ಬಾಗ್ದಾದಿನಲ್ಲಿ ಇಬ್ನ್ ಸಹ್ಲ್ 984ರ ಹೊತ್ತಿಗೆ ಇದಕ್ಕೆ ಸಮನಾದ ರೇಖಾಗಣಿತವನ್ನು ಬಳಸಿದ್ದ, ವಿಲ್ಲೆಬ್ರಾರ್ಡ್ ಸ್ನೆಲ್ 1621ರಲ್ಲಿ ಕಂಡುಕೊಂಡರೂ ಪ್ರಕಟಿಸಲಿಲ್ಲ, ಅಚ್ಚಿನಲ್ಲಿ ಅದನ್ನು ತಂದವನು 1637ರಲ್ಲಿ ಡೆಕಾರ್ಟ್.

ಡೆಕಾರ್ಟ್ ಅದನ್ನು ಪಡೆದ ರೀತಿಯನ್ನು ನಮ್ಮ ವಾದದ ಪಕ್ಕದಲ್ಲಿಟ್ಟು ನೋಡುವುದು ನನಗೆ ಈ ಇಡೀ ವಿಷಯದ ಅತ್ಯಂತ ಬೆಲೆಯುಳ್ಳ ಭಾಗವಾಗಿ ಕಾಣುತ್ತದೆ. ಅವನು ಬೆಳಕನ್ನು ಗಡಿ ದಾಟುವ ಚೆಂಡಿನಂತೆ ಭಾವಿಸಿದ. ಗಡಿ ಚೆಂಡನ್ನು ಲಂಬ ದಿಕ್ಕಿನಲ್ಲಿ ಮಾತ್ರ ತಳ್ಳಬಲ್ಲದು ಅಥವಾ ಸೆಳೆಯಬಲ್ಲದು, ಗಡಿಯ ಗುಂಟ ಅದರ ವೇಗ ಬದಲಾಗದು. ಹಾಗಾಗಿ v₁ sin θ₁ = v₂ sin θ₂. ಇದರಲ್ಲಿಯೂ ಸೈನ್‌ಗಳ ಅನುಪಾತ ಸ್ಥಿರ. ಕೋನಗಳನ್ನಷ್ಟೇ ಅಳೆದರೆ ಎರಡು ವಾದಗಳಲ್ಲಿ ಯಾವುದು ಸರಿ ಎಂದು ಹೇಳಲಾಗದು. ಗಾಳಿಯಿಂದ ನೀರಿಗೆ 45° ಯಲ್ಲಿ ಬಂದ ಬೆಳಕು 32° ಗೆ ತಿರುಗುತ್ತದೆ ಎಂಬುದನ್ನು ಎರಡೂ ಒಪ್ಪುತ್ತವೆ. ಆದರೆ ಅದಕ್ಕೆ ಬೇಕಾದ ವೇಗದ ವಿಷಯದಲ್ಲಿ ಎರಡೂ ತದ್ವಿರುದ್ಧ. ಚೆಂಡಿನ ವಾದದ ಪ್ರಕಾರ ಬೆಳಕು ನೀರಿನಲ್ಲಿ ಗಾಳಿಗಿಂತ ಸುಮಾರು 1.33 ಪಟ್ಟು ವೇಗವಾಗಿರಬೇಕು. ಅಲೆಯ ವಾದದ ಪ್ರಕಾರ ಅಷ್ಟೇ ಪಟ್ಟು ನಿಧಾನವಾಗಿರಬೇಕು. ನ್ಯೂಟನ್‌ನ ಕಣವಾದವೂ ನೀರಿನಲ್ಲಿ ವೇಗ ಹೆಚ್ಚು ಎಂದೇ ಹೇಳುತ್ತಿತ್ತು. ಹೈಗೆನ್ಸ್ 1690ರಲ್ಲಿ ಪ್ರಕಟಿಸಿದ ಅಲೆಯ ವಾದ ಕಡಿಮೆ ಎಂದು ಹೇಳಿತು. ಮೇಲಿನ A ಮತ್ತು B ಬಿಂದುಗಳ ವಾದ ಹೈಗೆನ್ಸನ ದಾರಿಯದೇ.

ಎರಡೂ ವಾದಗಳಲ್ಲಿ ಗಡಿಯ ಗುಂಟ ಏನೋ ಒಂದು ಬದಲಾಗದೆ ಉಳಿಯುತ್ತದೆ, ಆದರೆ ಆ ಒಂದು ಬೇರೆ ಬೇರೆ. ಚೆಂಡಿಗೆ ಅದು ಗಡಿಯ ಗುಂಟ ಇರುವ ವೇಗದ ಭಾಗ, v sin θ. ಅಲೆಗೆ ಅದು ಉಬ್ಬು ಗಡಿಯನ್ನು ಮುಟ್ಟುವ ಬಿಂದುವಿನ ಓಟ, v / sin θ. ಸೈನ್ ಒಂದರಲ್ಲಿ ಗುಣಕ, ಇನ್ನೊಂದರಲ್ಲಿ ಭಾಜಕ. ಅಲೆಯ ವೇಗವನ್ನು ಬಾಣದಂತೆ ಎರಡು ಭಾಗವಾಗಿ ಒಡೆದು ಗಡಿಯ ಗುಂಟದ ಭಾಗ ಸಮ ಎಂದು ಬರೆಯುವ ವಿದ್ಯಾರ್ಥಿಗೆ ಸೂತ್ರ ತಲೆಕೆಳಗಾಗಿ ಬರುವುದು ಇದೇ ಕಾರಣಕ್ಕೆ. 1850ರಲ್ಲಿ ಫೂಕೋ ಪ್ಯಾರಿಸ್ಸಿನಲ್ಲಿ ತಿರುಗುವ ಕನ್ನಡಿಯ ಸಹಾಯದಿಂದ ಬೆಳಕು ನೀರಿನಲ್ಲಿ ಗಾಳಿಗಿಂತ ನಿಧಾನ ಎಂದು ತೋರಿಸಿದ. ಎರಡು ಶತಮಾನಗಳಿಂದ ಒಂದೇ ಸೂತ್ರದ ಹಿಂದೆ ಅಡಗಿದ್ದ ಎರಡು ವಾದಗಳಲ್ಲಿ ಒಂದು ಅಲ್ಲಿಗೆ ಬಿದ್ದುಹೋಯಿತು.

ಇನ್ನು ಅಲೆ ಎದುರು ದಿಕ್ಕಿನಲ್ಲಿ, ತೆಳು ನೀರಿನಿಂದ ಆಳದ ಕಡೆಗೆ ಹೊರಟರೆ ಏನಾಗುತ್ತದೆ ಎಂಬುದು ಉಳಿದಿದೆ. ಈಗ ಸೈನ್ ಒಂದೂವರೆ ಪಟ್ಟಾಗಬೇಕು. ಪತನ ಕೋನ 41.8° ಇದ್ದಾಗ ಆಚೆಯ ಕೋನ 90° ಮುಟ್ಟುತ್ತದೆ, ಇದೇ ಕ್ರಾಂತಿಕೋನ. ಅದಕ್ಕಿಂತ ಹೆಚ್ಚಾದರೆ ಸೂತ್ರ ಒಂದಕ್ಕಿಂತ ದೊಡ್ಡ ಸೈನ್ ಕೇಳುತ್ತದೆ, ಮತ್ತು ಪಠ್ಯಗಳು ಸಾಮಾನ್ಯವಾಗಿ ಹಾಗಾಗಲು ಸಾಧ್ಯವಿಲ್ಲದ ಕಾರಣ ಪೂರ್ಣ ಪ್ರತಿಫಲನ ಎಂದು ಮುಗಿಸಿಬಿಡುತ್ತವೆ. ಗಡಿಯ ಮೇಲಿನ ಅಂತರವನ್ನು ನೋಡಿದರೆ ಕಾರಣವೇ ಕಾಣುತ್ತದೆ. ಪತನ ಕೋನ 60° ಇರಲಿ. ತೆಳು ನೀರಿನ ಉಬ್ಬುಗಳು ಗಡಿಯನ್ನು 2/0.866, ಅಂದರೆ 2.31 ಸೆಂಟಿಮೀಟರಿಗೊಂದರಂತೆ ಮುಟ್ಟುತ್ತವೆ. ಆಳದ ಕಡೆ ಅಲೆಯ ಉಬ್ಬುಗಳು 3 ಸೆಂಟಿಮೀಟರ್ ದೂರದೂರ. ಅವನ್ನು ಎಷ್ಟೇ ಓರೆ ಮಾಡಿದರೂ ಗಡಿಯ ಮೇಲೆ ಅವುಗಳ ಅಂತರ 3 ಸೆಂಟಿಮೀಟರಿಗಿಂತ ಹೆಚ್ಚಾಗಬಹುದೇ ಹೊರತು ಕಡಿಮೆಯಾಗದು. 2.31ಕ್ಕೆ ಹೊಂದುವ ಸಾಗುವ ಅಲೆ ಆಳದ ನೀರಿನಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಶಕ್ತಿ ಹಿಂದಕ್ಕೆ ಬರಲೇಬೇಕು.

ಆದರೂ ಗಡಿಯಲ್ಲಿ ನೀರು ಹರಿದಿಲ್ಲ. ಗಡಿಯ ಬಿಂದುಗಳು ಏರಿಳಿಯುತ್ತಿರುವಾಗ ಅವುಗಳಿಗೆ ತಾಗಿದ ಆಳದ ನೀರು ಅಲುಗದೆ ಇರಲಾರದು. ಅಲ್ಲಿ ಗಡಿಯ ಗುಂಟ ಮಾತ್ರ ಓಡುವ, ಗಡಿಯಿಂದ ದೂರ ಹೋದಂತೆ ಬೇಗ ಕುಗ್ಗುವ ಏರಿಳಿತವೊಂದು ಉಳಿಯುತ್ತದೆ. ನಮ್ಮ ಸಂಖ್ಯೆಗಳಲ್ಲಿ ಅದು ಪ್ರತಿ 6 ಮಿಲಿಮೀಟರಿಗೆ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಉಳಿಯುವಂತೆ ಇಳಿಯುತ್ತದೆ; ಎರಡು ಸೆಂಟಿಮೀಟರ್ ಆಚೆ ಕಾಣುವಂಥದ್ದೇನೂ ಉಳಿದಿರುವುದಿಲ್ಲ. ಬೆಳಕಿನಲ್ಲಿಯೂ ಹೀಗೆಯೇ: ಗಾಜಿನೊಳಗೆ ಪೂರ್ಣವಾಗಿ ಪ್ರತಿಫಲಿಸುವ ಬೆಳಕಿನ ಹತ್ತಿರಕ್ಕೆ, ಅದರ ತರಂಗದೂರಕ್ಕಿಂತ ಕಡಿಮೆ ಸಂದಿ ಬಿಟ್ಟು ಇನ್ನೊಂದು ಗಾಜನ್ನು ತಂದರೆ ಬೆಳಕಿನ ಒಂದು ಭಾಗ ಅದಕ್ಕೆ ದಾಟಿಬಿಡುತ್ತದೆ.

ವೇಗದಿಂದಲೇ ಎಲ್ಲವೂ ಬಂತು ಎಂದಾಗ ಯಾವ ವೇಗ ಎಂದು ಕೇಳಬೇಕಾಗುತ್ತದೆ. ನಮ್ಮ ವಾದದಲ್ಲಿ ಬಂದದ್ದು ಉಬ್ಬಿನ ವೇಗ, ಒಂದು ಉಬ್ಬುಗೆರೆ ಮುಂದೆ ಸರಿಯುವ ವೇಗ. ಆದರೆ ಬೆಳಕಿನ ವೇಗವನ್ನು ಕನ್ನಡಿ ತಿರುಗಿಸಿ ಅಳೆಯುವವರು ಬೆಳಕನ್ನು ತುಂಡು ತುಂಡಾಗಿ ಕಳುಹಿಸುತ್ತಾರೆ, ಅವರಿಗೆ ಸಿಗುವುದು ಆ ತುಂಡಿನ, ಅಂದರೆ ಅಲೆಗಳ ಗುಂಪಿನ ವೇಗ. ಆವೃತ್ತಿ ಬದಲಾದರೂ ವೇಗ ಬದಲಾಗದ ಮಾಧ್ಯಮದಲ್ಲಿ ಎರಡೂ ಒಂದೇ. ನೀರಿನಲ್ಲಿ ಬೆಳಕಿಗೆ ವ್ಯತ್ಯಾಸ ಬಹಳ ಚಿಕ್ಕದು. ಬಣ್ಣಗಳನ್ನು ಜೋರಾಗಿ ಬೇರ್ಪಡಿಸುವ ಕಾರ್ಬನ್ ಡೈಸಲ್ಫೈಡ್ ದ್ರವದಲ್ಲಿ ಹಾಗಲ್ಲ. 1880ರ ದಶಕದಲ್ಲಿ ಮೈಕೆಲ್ಸನ್ ಗಾಳಿಯಲ್ಲಿಯೂ ಆ ದ್ರವದಲ್ಲಿಯೂ ಬೆಳಕಿನ ವೇಗವನ್ನು ಅಳೆದಾಗ ಅನುಪಾತ 1.76 ಬಂತು, ಕೋನಗಳಿಂದ ಸಿಗುವ ವಕ್ರೀಭವನ ಸೂಚ್ಯಂಕ ಸುಮಾರು 1.64. ಸ್ನೆಲ್‌ನ ನಿಯಮವನ್ನು ವೇಗದಿಂದ ಪಡೆದದ್ದೇ ತಪ್ಪೇ ಎಂದು ತೋರಬಹುದಾದಷ್ಟು ದೊಡ್ಡ ಅಂತರ ಇದು. ತಪ್ಪಿರಲಿಲ್ಲ. ಗುಂಪಿನ ವೇಗ ಅಲ್ಲಿ ಉಬ್ಬಿನ ವೇಗಕ್ಕಿಂತ ಕಡಿಮೆ, ಆದ್ದರಿಂದ ಮೈಕೆಲ್ಸನ್‌ಗೆ ಸಿಕ್ಕ ಅನುಪಾತ ದೊಡ್ಡದಾಯಿತು. ಗಡಿಯ ಮೇಲೆ ಒಂದಕ್ಕೊಂದು ಹೊಂದಿಕೊಳ್ಳಬೇಕಾದವು ಉಬ್ಬುಗಳಾದ್ದರಿಂದ, ಕೋನವನ್ನು ನಿರ್ಧರಿಸುವುದು ಉಬ್ಬಿನ ವೇಗವೇ. ರಿಪ್ಪಲ್ ಟ್ಯಾಂಕಿನಲ್ಲಿಯೂ ಪಟ್ಟಿಯನ್ನು ಒಮ್ಮೆ ಮಾತ್ರ ತಟ್ಟಿ, ಅಲೆಗಳ ಗುಂಪು ತೊಟ್ಟಿಯ ಆ ಬದಿ ಮುಟ್ಟಲು ಹಿಡಿದ ಕಾಲದಿಂದ ವೇಗ ತೆಗೆದರೆ ಇದೇ ಬಗೆಯ ಹೊಂದಾಣಿಕೆಯಿಲ್ಲದ ಸಂಖ್ಯೆ ಬರುತ್ತದೆ. ಅಲ್ಲಿ ಬೇಕಾದದ್ದು ನಿರಂತರ ಅಲೆಯ ತರಂಗದೂರವನ್ನು ಅಳೆದು ಆವೃತ್ತಿಯಿಂದ ಗುಣಿಸಿದ ವೇಗ.